ಚೌತಿ ರಜೆಯಲ್ಲಿದ್ದೇನೆ, ಸೆಪ್ಟೆಂಬರ್ 1ರ ಸೋಮವಾರ ಕಚೇರಿಗೆ ಬರುತ್ತೇನೆ

ನಮಸ್ಕಾರ,

ನಿಮ್ಮ ಮೇಲ್ ಬಂದು ಮುಟ್ಟಿದೆ. ನಾನು ಚೌತಿಗೆ ಊರಿಗೆ ಹೋಗಿದ್ದೇನೆ. ಆಗಸ್ಟ್ 23ರ ಶನಿವಾರದಿಂದ 31ರ ಭಾನುವಾರದವರೆಗೆ ರಜೆ. ಸೆಪ್ಟೆಂಬರ್ 1, 2025, ಸೋಮವಾರ ಬೆಳಿಗ್ಗೆ 10 ಗಂಟೆಗೆ ಕಾರವಾರದ ಕಚೇರಿಯಲ್ಲಿ ಇರುತ್ತೇನೆ. ಅವತ್ತೇ ಅಥವಾ ಮರುದಿನ ನಿಮಗೆ ಉತ್ತರ ಬರೆಯುತ್ತೇನೆ. ಇದೇ ಮೇಲ್ ಇನ್ನೊಮ್ಮೆ ಕಳುಹಿಸುವುದು ಬೇಡ. ಬಂದ ಸಾಲಿನಲ್ಲೇ ಒಂದೊಂದಾಗಿ ನೋಡುತ್ತೇನೆ.

ಆದಾಯ ತೆರಿಗೆ ರಿಟರ್ನ್ ಬಗ್ಗೆ ಬರೆದಿದ್ದರೆ ಗಾಬರಿ ಬೇಡ. ಆಡಿಟ್ ಇಲ್ಲದವರಿಗೆ ಕೊನೆಯ ದಿನವನ್ನು ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ ಮುಂದೆ ಹಾಕಿದ್ದಾರೆ, ಗೊತ್ತಿದೆಯಲ್ಲ. ನಾನು ಬಂದ ಮೇಲೂ ಎರಡು ವಾರ ಕೈಯಲ್ಲಿರುತ್ತದೆ. ಫಾರ್ಮ್ 16, ಬ್ಯಾಂಕಿನ ಬಡ್ಡಿ ವಿವರ, ಅಡಿಕೆ ಅಥವಾ ಕಾಳುಮೆಣಸು ಮಾರಿದ ಪಟ್ಟಿ ಇಷ್ಟನ್ನು ಈ ವಾರವೇ ಇದೇ ವಿಳಾಸಕ್ಕೆ ಕಳುಹಿಸಿಟ್ಟರೆ ಬಂದ ಕೂಡಲೇ ಕೆಲಸ ಶುರು ಮಾಡಬಹುದು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಎಂದು ಆ ಪಟ್ಟಿ ಬಿಡಬೇಡಿ. ರಿಟರ್ನ್‌ನಲ್ಲಿ ಅದನ್ನು ತೋರಿಸಲೇಬೇಕು.

ಕಾಯಲು ಆಗದ ಕೆಲಸ ಒಂದಿದೆ. ಜುಲೈ ಕೊನೆಗೆ ರಿಟರ್ನ್ ಸಲ್ಲಿಸಿ ಇನ್ನೂ ಇ-ವೆರಿಫೈ ಮಾಡದವರು ದಯವಿಟ್ಟು ಈ ವಾರವೇ ಮಾಡಿಸಿ. ಅದಕ್ಕೆ 30 ದಿನ ಮಾತ್ರ ಅವಕಾಶ. ವೆರಿಫೈ ಆಗದೆ ರಿಟರ್ನ್ ಮುಂದೆ ಹೋಗುವುದಿಲ್ಲ, ರೀಫಂಡ್ ಕೂಡ ಬರುವುದಿಲ್ಲ. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಂದು ಓಟಿಪಿ ಬರುತ್ತದೆ, ಐದು ನಿಮಿಷದ ಕೆಲಸ. ಆದರೆ ಫೋನ್ ಮಾಡಿ ಓಟಿಪಿ ಕೇಳಿದವರಿಗೆ ಹೇಳಬೇಡಿ. ನಮ್ಮ ಕಚೇರಿಯಿಂದ ಯಾರೂ ಹಾಗೆ ಕೇಳುವುದಿಲ್ಲ.

ಇದಕ್ಕೆ ಸಹಾಯ ಬೇಕಿದ್ದರೆ ಸಬ್ಜೆಕ್ಟ್‌ನಲ್ಲಿ ‘ತುರ್ತು’ ಎಂದು ಬರೆದು ಇದೇ ವಿಳಾಸಕ್ಕೆ ಮೇಲ್ ಮಾಡಿ. ನಮ್ಮ ನಾಗರಾಜಣ್ಣ ದಿನಕ್ಕೆ ಎರಡು ಸಲ ನೋಡುತ್ತಾರೆ. ಅವರ ಮನೆಯಲ್ಲೂ ಗಣಪತಿ ಕೂರಿಸುತ್ತಾರೆ, ಹಾಗಾಗಿ 27ರ ಬುಧವಾರ ಮತ್ತು 28ರ ಗುರುವಾರ ಕಚೇರಿಗೆ ಬೀಗ. ಆ ಎರಡು ದಿನ ಅವರನ್ನೂ ಬಿಟ್ಟುಬಿಡಿ. ಆಗಸ್ಟ್ ತಿಂಗಳ ಟಿಡಿಎಸ್ ಕಟ್ಟುವವರು ಸೆಪ್ಟೆಂಬರ್ 3ರೊಳಗೆ ವಿವರ ಕೊಡಿ. ಕೊನೆಯ ದಿನ 7, ಅದು ಭಾನುವಾರ ಬಂದಿದೆ.

ನನಗೆ ಫೋನ್ ಮಾಡಿದರೆ ಸಿಗುವುದು ಕಷ್ಟ. ನಮ್ಮೂರು ಶಿರಸಿಯಿಂದ ಒಳಗೆ. ಮಳೆ ಜೋರಾದರೆ ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ನೆಟ್‌ವರ್ಕ್ ಕೂಡ. ಸಿಗ್ನಲ್ ಬಂದಾಗಲೂ ಈ ವಾರ ಕಚೇರಿ ಮೇಲ್ ತೆಗೆಯುವುದಿಲ್ಲ ಎಂದು ಮನೆಯವರಿಗೆ ಮಾತು ಕೊಟ್ಟಿದ್ದೇನೆ.

ಹೋದ ಎರಡು ವರ್ಷವೂ ಕೆಲಸ ಮುಗಿಸಿ ಘಟ್ಟ ಹತ್ತುವಾಗ ಹಬ್ಬದ ಹಿಂದಿನ ರಾತ್ರಿ ಆಗಿತ್ತು. ಅಷ್ಟು ಹೊತ್ತಿಗೆ ಚಕ್ಕುಲಿ ಕಂಬಳ ಮುಗಿದು ಡಬ್ಬಿ ತುಂಬಿರುತ್ತಿತ್ತು. ಈ ಸಲ ನಮ್ಮ ಮನೆಯ ಕಂಬಳ 24ರ ಭಾನುವಾರ. ಕೇರಿಯವರೆಲ್ಲ ಬಂದು ಜಗಲಿಯಲ್ಲಿ ಸಾಲಾಗಿ ಕೂರುತ್ತಾರೆ. ಅಕ್ಕಿಹಿಟ್ಟಿನ ಕಣಕ ಹದಕ್ಕೆ ಬಂದ ಮೇಲೆ ಒಂದು ಉಂಡೆ ಕೈಗೆ ತೆಗೆದುಕೊಂಡು, ಬೆರಳ ಸಂದಿಯಲ್ಲಿ ಹುರಿ ಹೊಸೆದ ಹಾಗೆ ತಿರುವುತ್ತಾ ಸುತ್ತು ಹಾಕಬೇಕು. ನಮ್ಮ ದೊಡ್ಡಮ್ಮ ಐದು ಸುತ್ತು ಹಾಕಿದರೂ ಎಳೆ ಎಲ್ಲೂ ತುಂಡಾಗುವುದಿಲ್ಲ. ನನಗೆ ಮೂರನೇ ಸುತ್ತಿಗೇ ಬಿರುಕು ಬಿಡುತ್ತದೆ. ದೊಡ್ಡಮ್ಮನಿಗೆ ಈಗ ಬೆರಳು ಮೊದಲಿನಷ್ಟು ಬಗ್ಗುವುದಿಲ್ಲ. ಅವರ ಪಕ್ಕದಲ್ಲಿ ಕೂತು ಈ ವರ್ಷವೇ ಕಲಿಯಬೇಕು ಎಂದು ಇಷ್ಟು ಮುಂಚೆ ಹೊರಟೆ.

ಆಮೇಲೆ ಫಲಾವಳಿ ಕಟ್ಟುವ ಗಡಿಬಿಡಿ ಇದ್ದೇ ಇದೆ. ಮೊಗೆಕಾಯಿ, ಸೌತೆಕಾಯಿ, ಅಡಿಕೆ ಗೊನೆ, ಚಕ್ಕೋತ, ಹಿತ್ತಲಲ್ಲಿ ಬೆಳೆದದ್ದೆಲ್ಲ ಗಣಪತಿಯ ತಲೆಯ ಮೇಲೆ ತೂಗಬೇಕು ಅಲ್ವಾ. ಈ ಮಳೆಗಾಲದಲ್ಲಿ ತೋಟ ಎಷ್ಟು ಕೊಟ್ಟಿದೆಯೋ ಅಷ್ಟನ್ನು ಅಲ್ಲಿ ನೋಡುವುದೇ ನನಗೆ ಹಬ್ಬ.

ನಿಮಗೂ ಮನೆಯವರಿಗೂ ಗೌರಿ ಗಣೇಶ ಹಬ್ಬದ ಶುಭಾಶಯಗಳು. ದೂರದಲ್ಲಿರುವ ಮಕ್ಕಳು ಹಬ್ಬಕ್ಕೆ ಬಂದು ಮುಟ್ಟಲಿ. ಅಡಿಕೆಗೆ ಕೊಳೆ ತಾಗದಿರಲಿ, ಕಡಲಿಗೆ ಇಳಿದ ದೋಣಿಗಳು ತುಂಬಿ ಬರಲಿ. ಪಂಚಕಜ್ಜಾಯ ಎಲ್ಲರಿಗೂ ಸಾಲುವಷ್ಟು ಇರಲಿ. ಮಳೆಯಲ್ಲಿ ಘಟ್ಟದ ದಾರಿ ಹಿಡಿಯುವವರು ದಯವಿಟ್ಟು ಕತ್ತಲಾಗುವ ಮೊದಲೇ ದಾಟಿಕೊಳ್ಳಿ.

ಸೆಪ್ಟೆಂಬರ್ 1ರ ನಂತರ ಕಚೇರಿ ಕಡೆ ಬಂದರೆ ಚಕ್ಕುಲಿ ತಿಂದು ಹೋಗಿ. ಒಂದು ಡಬ್ಬಿ ತರುತ್ತೇನೆ.

ಇಂತಿ,
ವೀಣಾ
ತೆರಿಗೆ ಮತ್ತು ಲೆಕ್ಕಪತ್ರ, ಕಾರವಾರ