ಕಾಕುವಿನ ಮೊಣಕಾಲಿಗೆ ಮೂರು ತಿಂಗಳ ವ್ಯಾಯಾಮ

ಕಾಕು, ಮೊಣಕಾಲು ಸವೆದಿದೆ ಅಂತ ಸುಮ್ನೆ ಕೂತರೆ ತೊಡೆ ಇನ್ನೂ ಸೊರಗುತ್ತದೆ. ವಾರಕ್ಕೆ 3 ದಿನ, ಒಂದು ದಿನ ಬಿಟ್ಟು ಮಾಡಿ. ಕಲಬುರಗಿ ಬಿಸಿಲು ಗೊತ್ತಲ್ವಾ, ಬೆಳಿಗ್ಗೆಯೇ ಮುಗಿಸಿಬಿಡಿ.

ನೋವಿಗೆ 10ರಲ್ಲಿ ಅಂಕ ಕೊಡಿ. 4ರವರೆಗೆ ಪರವಾಗಿಲ್ಲ, ಆದರೆ ಮರುದಿನ ಬೆಳಿಗ್ಗೆ ಅದು ಮೊದಲಿನಂತಾಗಿರಬೇಕು, ಇಲ್ಲದಿದ್ದರೆ ಮುಂದಿನ ಸಲ ಅರ್ಧ ಮಾತ್ರ ಮಾಡಿ, ಪೂರ್ತಿ ನಿಲ್ಲಿಸಬೇಡಿ.

ಮೊದಲ ತಿಂಗಳು ಎತ್ತರದ ಕುರ್ಚಿಯಿಂದ ಕೈ ಊರದೆ ಎದ್ದು, 3 ಎಣಿಸುತ್ತಾ ನಿಧಾನ ಕೂರುವುದು, 8 ಸಲ, 2 ಸುತ್ತು. ಮಲಗಿ ಸೊಂಟ ಎತ್ತುವುದೂ ಅಷ್ಟೇ. 12 ಸಲ ಸಲೀಸಾದರೆ ತಗ್ಗಿನ ಕುರ್ಚಿ. ಎರಡನೇ ತಿಂಗಳು ಗೋಡೆ ಹಿಡಿದು ಬಾಗಿಲ ಮೆಟ್ಟಿಲು ಹತ್ತಿಳಿಯಿರಿ. ಮೂರನೇ ತಿಂಗಳು 2 ಕೆಜಿ ಜೋಳದ ಚೀಲ ಎದೆಗೊತ್ತಿ ಹಿಡಿದು ಏಳಿ.

ರೊಟ್ಟಿಯನ್ನು ಸದ್ಯ ಕಟ್ಟೆ ಮುಂದೆ ನಿಂತೇ ಬಡಿಯಿರಿ. ಮೊಣಕಾಲು ಬಿಸಿಯಾಗಿ ಊದಿದರೆ ಡಾಕ್ಟರಿಗೆ ತೋರಿಸೋಣ, ಫೋನ್ ಮಾಡಿ.