ಶಾಲೆಯ ಮುರಿದ ಜೋಕಾಲಿ ಮತ್ತು ಸಡಿಲಗೊಂಡ ರೇಲಿಂಗ್ ಬಗ್ಗೆ ಮುಖ್ಯ ಶಿಕ್ಷಕಿಯವರಿಗೆ ಪತ್ರ

ದಿನಾಂಕ: 10-06-2024

ಇಂದ,
ಮಂಜುನಾಥ
(ಮೂರನೇ ತರಗತಿಯ ಸಿಂಚನಾಳ ತಂದೆ)
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ

ಇವರಿಗೆ,
ಮುಖ್ಯ ಶಿಕ್ಷಕಿಯವರು
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ

ವಿಷಯ: ಆಟದ ಮೈದಾನದ ಜೋಕಾಲಿ ಮುರಿದಿರುವುದು ಹಾಗೂ ಜಗುಲಿ ಮತ್ತು ರ‍್ಯಾಂಪ್‌ನ ರೇಲಿಂಗ್ ಸಡಿಲಗೊಂಡಿರುವುದನ್ನು ಫೋಟೊ ಸಹಿತ ತಮ್ಮ ಗಮನಕ್ಕೆ ತರುತ್ತಿರುವ ಬಗ್ಗೆ.

ಮಾನ್ಯ ಮೇಡಂ ಅವರಿಗೆ ನಮಸ್ಕಾರಗಳು.

ಮೊದಲು ನನ್ನ ಕೋರಿಕೆ ಹೇಳಿಬಿಡುತ್ತೇನೆ, ವಿವರ ಆಮೇಲೆ. ಈ ಪತ್ರ ತಮ್ಮ ಕೈ ಸೇರಿದ ದಿನವೇ, ಮಧ್ಯಾಹ್ನದ ಊಟದ ಗಂಟೆ ಹೊಡೆಯುವ ಮೊದಲೇ, ಜೋಕಾಲಿಯ ಎರಡೂ ಆಸನಗಳ ಸರಪಳಿಗಳನ್ನು ಮೇಲಿನ ಪೈಪಿಗೆ ಸುತ್ತಿ ಕಟ್ಟಿಸಬೇಕು. ಮಕ್ಕಳ ಕೈಗೆ ಅದು ಎಟುಕಬಾರದು. ಹಾಗೆಯೇ ಮೂರನೇ ತರಗತಿ ಕೋಣೆಯ ಎದುರಿನ ಜಗುಲಿ ಅಂಚಿಗೆ ಮಕ್ಕಳು ಹೋಗದಂತೆ ಅಡ್ಡ ಹಗ್ಗವನ್ನೋ ಬಿದಿರನ್ನೋ ಕಟ್ಟಿಸಬೇಕು. ರಿಪೇರಿಗೆ ನಾಲ್ಕು ದಿನ ಹಿಡಿದರೂ ನಡೆಯುತ್ತದೆ, ಇದಕ್ಕೆ ಒಂದು ದಿನವೂ ತಡವಾಗಬಾರದು.

ಹೋದ ಗುರುವಾರ ಸಂಜೆ ಮಗಳು ಮನೆಗೆ ಬಂದಾಗ ಬಲ ಅಂಗೈ ಮುಚ್ಚಿಕೊಂಡೇ ಇದ್ದಳು. ಬಿಡಿಸಿ ನೋಡಿದರೆ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಒಂದು ಗೀರು, ಅದರೊಳಗೆ ತುಕ್ಕಿನ ಕೆಂಪು ಪುಡಿ. ಬೈತಾರೇನೋ ಅಂತ ಹೇಳಿರಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಗಾಯ ತೊಳೆಸಿ ಟಿಟಿ ಇಂಜೆಕ್ಷನ್ ಹಾಕಿಸಿದೆವು, ಈಗ ಗಾಯ ಒಣಗುತ್ತಿದೆ. ಅವಳಿಗಾದದ್ದು ದೊಡ್ಡದೇನಲ್ಲ. ಆದರೆ ಗಾಯ ಎಲ್ಲಿಂದ ಆಯಿತೆಂದು ನೋಡಲು ಶುಕ್ರವಾರ ಸಂಜೆ ಶಾಲೆ ಬಿಟ್ಟ ಮೇಲೆ ಅವಳ ಜೊತೆ ಬಂದೆ. ಅಲ್ಲಿ ಕಂಡದ್ದು ನನ್ನನ್ನು ಆ ರಾತ್ರಿ ಮಲಗಲು ಬಿಡಲಿಲ್ಲ. ಶನಿವಾರ ಮಧ್ಯಾಹ್ನ ಅಡುಗೆಯವರ ಹತ್ತಿರ ಹೇಳಿ ಮತ್ತೆ ಬಂದು ಫೋಟೊ ತೆಗೆದೆ. ಒಟ್ಟು ಆರು ಫೋಟೊ ಇವೆ, ಹಿಂಬದಿಯಲ್ಲಿ ನಂಬರ್ ಬರೆದಿದ್ದೇನೆ. ಯಾವುದರಲ್ಲೂ ಮಕ್ಕಳು ಇಲ್ಲ.

ಒಂದನೇ ಫೋಟೊದಲ್ಲಿ ಇಡೀ ಜೋಕಾಲಿ ಕಾಣುತ್ತದೆ. ಎಡಗಡೆಯ ಆಸನ ಒಂದು ಬದಿಗೆ ವಾಲಿದೆ, ಹಲಗೆ ನಡುವೆ ಸೀಳು ಬಿಟ್ಟಿದೆ. ಎರಡನೆಯದು ಆ ಹಲಗೆಯ ಅಡಿಭಾಗ. ಸರಪಳಿಯನ್ನು ಹಿಡಿದಿದ್ದ ಬೋಲ್ಟಿನ ನಟ್ ಕಳಚಿ ಹೋಗಿದೆ, ಬೋಲ್ಟಿನ ತುದಿ ಒಂದಿಂಚು ಹೊರಗೆ ಬಂದಿದೆ. ಮಗಳ ಕೈ ಗೀರಿದ್ದು ಇದೇ.

ಮೂರನೇ ಫೋಟೊವನ್ನು ದಯವಿಟ್ಟು ಬೆಳಕಿನಲ್ಲಿ ಹಿಡಿದು ನೋಡಿ. ಏಣಿ ಹಾಕಿ ಹತ್ತಿ, ಬಲಗಡೆಯ ಸರಪಳಿ ಮೇಲಿನ ಕೊಕ್ಕೆಗೆ ಸಿಕ್ಕುವ ಕಡೆ ತೆಗೆದದ್ದು. ಪಕ್ಕದಲ್ಲಿ ಅಳತೆಗೆಂದು ಸ್ಕೇಲ್ ಹಿಡಿದಿದ್ದೇನೆ. ಆ ಸರಪಳಿಯ ಕೊಂಡಿ ಎಂಟು ಎಂಎಂ ದಪ್ಪದ್ದು. ಕೊಕ್ಕೆಗೆ ಉಜ್ಜಿ ಉಜ್ಜಿ ಮೇಲಿನ ಕೊಂಡಿ ಈಗ ಮೂರು ಎಂಎಂಗೆ ಇಳಿದಿದೆ. ಕೆಳಗೆ ನಿಂತು ನೋಡಿದರೆ ಇದು ಯಾರಿಗೂ ಕಾಣುವುದಿಲ್ಲ, ಎಡಗಡೆಯದು ಮುರಿದಿರುವುದರಿಂದ ಬಲಗಡೆಯದೇ ಗಟ್ಟಿ ಎಂದು ಎಲ್ಲ ಮಕ್ಕಳೂ ಅದಕ್ಕೇ ಮುಗಿಬೀಳುತ್ತಿದ್ದಾರೆ. ನನಗೆ ಹೆಚ್ಚು ಭಯ ಇರುವುದು ಆ ಮುರಿಯದ ಆಸನದ ಮೇಲೆ. ಜೋರಾಗಿ ಜೀಕಿ ಕೆಳಗೆ ಬರುವ ಹೊತ್ತಿಗೆ ಸರಪಳಿಯ ಮೇಲೆ ಕೂತವರ ತೂಕದ ದುಪ್ಪಟ್ಟು ಭಾರ ಬೀಳುತ್ತದೆ. ಏಳನೇ ತರಗತಿಯ ಇಬ್ಬರು ಒಟ್ಟಿಗೆ ನಿಂತು ಜೀಕುವುದನ್ನು ನಾನೇ ನೋಡಿದ್ದೇನೆ.

ಮೇಡಂ, ನಾನು ಸಾಗರದ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಕಬ್ಬಿಣ ಹೇಗೆ ಹಾಳಾಗುತ್ತದೆ ಎನ್ನುವುದನ್ನು ದಿನಾ ನೋಡುವವನು. ಶಾಲಾ ಪ್ರಾರಂಭೋತ್ಸವಕ್ಕೆ ಜೋಕಾಲಿ, ರೇಲಿಂಗ್ ಎಲ್ಲಕ್ಕೂ ಹಳದಿ ಬಣ್ಣ ಹೊಡೆಸಿದ್ದೀರಿ. ತೋರಣದ ಕೆಳಗೆ ಹಾದು ಬಂದ ಮಕ್ಕಳಿಗೆ ಅದು ಎಷ್ಟು ಖುಷಿ ಕೊಟ್ಟಿತು ಎಂದು ಮಗಳ ಬಾಯಲ್ಲೇ ಕೇಳಿದ್ದೇನೆ. ಆದರೆ ತುಕ್ಕನ್ನು ಕೆರೆಯದೆ ಅದರ ಮೇಲೆಯೇ ಬಣ್ಣ ಬಳಿದಿದ್ದಾರೆ. ಕೆಲಸ ಮಾಡಿದವರು ಹೇಳಬೇಕಿತ್ತು, ಹೇಳಿಲ್ಲ. ಈಗ ಒಳಗೆ ತಿಂದುಹೋದ ಕಬ್ಬಿಣವೂ ಹೊರಗಿನಿಂದ ಹೊಸದರಂತೆ ಕಾಣುತ್ತಿದೆ. ನಾಲ್ಕನೇ ಫೋಟೊದಲ್ಲಿ ನಾನು ಉಗುರಿನಿಂದ ಕೆರೆದ ಜಾಗ ಇದೆ. ಬಣ್ಣ ಸಿಪ್ಪೆಯ ಹಾಗೆ ಎದ್ದು ಬಂತು, ಅದರ ಹಿಂದೆಯೇ ಕಬ್ಬಿಣದ ಪದರವೂ ಬಂತು.

ಐದು ಮತ್ತು ಆರನೇ ಫೋಟೊ ರೇಲಿಂಗ್‌ನವು. ನಮ್ಮ ಶಾಲೆ ಇರುವುದು ಇಳಿಜಾರಿನಲ್ಲಾದ್ದರಿಂದ ಮೂರನೇ ತರಗತಿ ಕೋಣೆಯ ಎದುರಿಗೆ ಜಗುಲಿ ನೆಲದಿಂದ ನಾಲ್ಕೂವರೆ ಅಡಿ ಎತ್ತರಕ್ಕಿದೆ. ಕೆಳಗೆ ಚರಂಡಿ, ಚರಂಡಿಯ ಅಂಚಿಗೆ ಜಂಬಿಟ್ಟಿಗೆ ಕಲ್ಲು. ಅಲ್ಲಿನ ಐದು ಕಂಬಗಳಲ್ಲಿ ಎರಡರ ಬೇಸ್ ಪ್ಲೇಟ್ ನೆಲದಿಂದ ಪೂರ್ತಿ ಎದ್ದಿದೆ. ಒಂದೇ ಕೈಯಲ್ಲಿ ದೂಡಿದರೆ ರೇಲಿಂಗ್ ನಾಲ್ಕು ಬೆರಳಿನಷ್ಟು ಹೊರಕ್ಕೆ ವಾಲುತ್ತದೆ. ಬೋಲ್ಟುಗಳನ್ನು ಕಾಂಕ್ರೀಟಿಗೆ ಇಳಿಸಿಲ್ಲ, ಮೇಲಿನ ಗಾರೆಗಷ್ಟೇ ಹಾಕಿದ್ದಾರೆ. ಹಂಚಿನ ಮಾಡಿನಿಂದ ಸೂರಿನ ನೀರು ಸರಿಯಾಗಿ ಅದೇ ಪ್ಲೇಟುಗಳ ಮೇಲೆ ಬೀಳುತ್ತದೆ, ಹಾಗಾಗಿ ಗಾರೆ ಸಡಿಲವಾಗಿ ಬೋಲ್ಟು ಕೊಳೆತಿದೆ. ಬೆಳಿಗ್ಗೆ ಹಾಲು ಕುಡಿಯುವಾಗ ಮಕ್ಕಳು ಲೋಟ ಹಿಡಿದುಕೊಂಡು ಈ ರೇಲಿಂಗಿಗೇ ಒರಗಿ ಸಾಲಾಗಿ ನಿಲ್ಲುತ್ತಾರೆ. ಎಂಟು ಹತ್ತು ಮಕ್ಕಳ ಭಾರವನ್ನು ಆ ಕಂಬಗಳು ತಡೆಯಲಾರವು.

ಇನ್ನೊಂದು, ರ‍್ಯಾಂಪ್‌ನ ಕೈಹಿಡಿ. ಅಲ್ಲಿ ವೆಲ್ಡಿಂಗ್ ಬಿಟ್ಟುಹೋದ ಜಾಯಿಂಟಿಗೆ ಯಾರೋ ತಂತಿ ಸುತ್ತಿದ್ದಾರೆ. ಐದನೇ ತರಗತಿಯ ಒಬ್ಬ ಹುಡುಗ ದಿನಾ ಆ ಕೈಹಿಡಿಯನ್ನೇ ನಂಬಿ ಹತ್ತಿ ಇಳಿಯುತ್ತಾನೆ. ಹೆಸರು ಬರೆಯುವುದು ಬೇಡ, ತಮಗೆ ಗೊತ್ತಿರುವ ಮಗುವೇ. ಉಳಿದವರು ಬಿದ್ದರೆ ಕೈಯೂರಿ ಏಳಬಹುದು, ಅವನಿಗೆ ಅದು ಸುಲಭವಲ್ಲ. ರಿಪೇರಿ ಮುಗಿಯುವವರೆಗೆ ಬೆಳಿಗ್ಗೆ ಮತ್ತು ಸಂಜೆ ಅವನ ಜೊತೆ ದೊಡ್ಡವರೊಬ್ಬರು ಇರುವಂತೆ ನೋಡಿಕೊಳ್ಳಿ ಎಂದು ಬೇಡಿಕೊಳ್ಳುತ್ತೇನೆ.

ಮೃಗಶಿರಾ ಮಳೆ ಶುರುವಾಗಿದೆ. ಆರಿದ್ರಾ ಹಿಡಿದುಕೊಂಡಿತೆಂದರೆ ಬಯಲಿನಲ್ಲಿ ವೆಲ್ಡಿಂಗ್ ಮಾಡಲು ಆಗುವುದಿಲ್ಲ. ಒದ್ದೆ ನೆಲದಲ್ಲಿ ಕರೆಂಟು ಹೊಡೆಯುವ ಅಪಾಯ, ಪ್ರೈಮರ್ ಕೂಡ ಹಿಡಿಯುವುದಿಲ್ಲ. ಇನ್ನು ಇದೇ 15ಕ್ಕೆ ಸಂಭ್ರಮ ಶನಿವಾರ. ಬ್ಯಾಗಿಲ್ಲದೆ ಬರುವ ದಿನ ಮಕ್ಕಳು ಮೈದಾನದಲ್ಲೇ ಇರುತ್ತಾರೆ. ಅಷ್ಟರೊಳಗೆ ಜಗುಲಿಯ ಕಂಬಗಳನ್ನಾದರೂ ಕೂರಿಸಬೇಕು.

ಖರ್ಚಿನ ಬಗ್ಗೆ ನಾನು ಲೆಕ್ಕ ಹಾಕಿದ್ದೇನೆ. ಹೊಸ ಸರಪಳಿ, ಡಿ ಶ್ಯಾಕಲ್, ಎರಡು ಹಲಗೆ, ಆಂಕರ್ ಬೋಲ್ಟು, ನಾಲ್ಕು ಪೈಪು, ರೆಡ್ ಆಕ್ಸೈಡ್, ಸಿಮೆಂಟು ಎಲ್ಲ ಸೇರಿ ಸುಮಾರು 8,500 ರೂಪಾಯಿ ಆಗುತ್ತದೆ. ಕೆಲಸಕ್ಕೆ ನಾನು ಕೂಲಿ ತೆಗೆದುಕೊಳ್ಳುವುದಿಲ್ಲ. ಮಾಲೀಕರನ್ನು ಕೇಳಿದ್ದೇನೆ, ಭಾನುವಾರಗಳಂದು ಮಷಿನ್ ತರಲು ಒಪ್ಪಿದ್ದಾರೆ. ಇದರ ಅರ್ಥ ನಾನೇ ಮಾಡಬೇಕೆಂದಲ್ಲ. ಇಲಾಖೆಯ ಎಂಜಿನಿಯರ್ ಬಂದು ನೋಡಿ ಬೇರೆಯವರಿಂದ ಮಾಡಿಸುವುದಾದರೆ ಅದೂ ಒಳ್ಳೆಯದೇ. ಯಾರು ಮಾಡಿದರೂ ಕಂಬಗಳನ್ನು ಗಾರೆಗಲ್ಲ, ಕಾಂಕ್ರೀಟಿಗೆ ಇಳಿಸಬೇಕು, ತುಕ್ಕನ್ನು ಗ್ರೈಂಡರ್ ಹಾಕಿ ತೆಗೆದ ಮೇಲೆಯೇ ಬಣ್ಣ ಹೊಡೆಯಬೇಕು. ಜೋಕಾಲಿಯ ಹಳೇ ಕೊಂಡಿಗೆ ವೆಲ್ಡಿಂಗ್ ತೇಪೆ ಹಾಕುವುದು ಖಂಡಿತ ಬೇಡ, ಸರಪಳಿ ಹೊಸದೇ ಬೇಕು.

ದುಡ್ಡಿನ ತಾಪತ್ರಯ ತಮಗೆ ಎಷ್ಟಿದೆ ಎನ್ನುವುದು ನನಗೆ ಗೊತ್ತು. ನೂರರ ಮೇಲೆ ಇನ್ನೂರೈವತ್ತರ ಒಳಗೆ ಮಕ್ಕಳಿರುವ ನಮ್ಮಂಥ ಶಾಲೆಗೆ ಸಮಗ್ರ ಶಿಕ್ಷಣದ ನಿಯಮದಂತೆ ವರ್ಷಕ್ಕೆ 50,000 ರೂಪಾಯಿ ಶಾಲಾ ಅನುದಾನ ಎಂದಿದ್ದರೂ ಕರೆಂಟ್ ಬಿಲ್ಲು, ಸೀಮೆಸುಣ್ಣ, ಶೌಚಾಲಯ ಎಲ್ಲವೂ ಅದರಲ್ಲೇ ಆಗಬೇಕು. ಅದು ಖಾತೆಗೆ ಬೀಳಲೆಂದು ಕಾಯುವುದು ಬೇಡ. 2011ರಲ್ಲಿ ಈ ಜೋಕಾಲಿಯನ್ನು ಕೊಡಿಸಿದ್ದು ಇದೇ ಶಾಲೆಯ ಹಳೆಯ ವಿದ್ಯಾರ್ಥಿಗಳಾದ ನಾವೇ. ಆಗ ಕೂಲಿ ಮಾಡುತ್ತಿದ್ದ ನಾನು 200 ರೂಪಾಯಿ ಕೊಟ್ಟಿದ್ದೆ. ಹದಿಮೂರು ಮಳೆಗಾಲ ಅದು ನಮ್ಮೂರ ಮಕ್ಕಳನ್ನು ತೂಗಿದೆ. ನಾವು ಕೊಡಿಸಿ ಮರೆತುಬಿಟ್ಟೆವು, ವರ್ಷಕ್ಕೊಮ್ಮೆ ಬಂದು ಕೊಕ್ಕೆಗೆ ಗ್ರೀಸ್ ಹಾಕಲಿಲ್ಲ. ಆ ತಪ್ಪು ನಮ್ಮದೂ ಹೌದು. ನಮ್ಮ ಬ್ಯಾಚಿನ ನಾಲ್ವರ ಹತ್ತಿರ ಮಾತಾಡಿದ್ದೇನೆ, ಸಾಮಗ್ರಿಯ ಅರ್ಧ ದುಡ್ಡನ್ನು ನಾವು ಹೊಂದಿಸಿಕೊಡುತ್ತೇವೆ.

ಉಳಿದದ್ದಕ್ಕೆ ಎಸ್‌ಡಿಎಂಸಿ ಸಭೆಯನ್ನು ಈ ವಾರವೇ ಕರೆಯಬೇಕೆಂದು ವಿನಂತಿ. ಶಿಕ್ಷಣ ಹಕ್ಕು ಕಾಯ್ದೆ, 2009ರ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು. ಆಟದ ಮೈದಾನ, ಆಟದ ಸಾಮಾನು, ಅಡೆತಡೆಯಿಲ್ಲದ ದಾರಿ ಇವೆಲ್ಲ ಪ್ರತಿ ಶಾಲೆಯಲ್ಲೂ ಇರಲೇಬೇಕೆಂದು ಅದೇ ಕಾಯ್ದೆಯ ಪರಿಶಿಷ್ಟ ಹೇಳುತ್ತದೆ. ಹಾಗಾಗಿ ಈ ಹೊರೆಯನ್ನು ತಾವೊಬ್ಬರೇ ಹೊರಬೇಕಾಗಿಲ್ಲ. ಸಭೆಯಲ್ಲಿ ಯಾವ ತಾರೀಖಿನೊಳಗೆ ಯಾರು ಏನು ಮಾಡುತ್ತಾರೆ ಎಂದು ನಡಾವಳಿ ಪುಸ್ತಕದಲ್ಲಿ ಬರೆಯಿಸಿ. ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಗ್ರಾಮ ಪಂಚಾಯ್ತಿಯ ಪಿಡಿಒ ಅವರಿಗೂ ತಾವು ಬರೆಯುವುದಾದರೆ ಈ ಫೋಟೊಗಳನ್ನು ಬಳಸಿಕೊಳ್ಳಿ, ಪೋಷಕರ ಸಹಿ ಬೇಕಾದರೆ ನಾನು ಮನೆಮನೆಗೆ ಹೋಗಿ ತರುತ್ತೇನೆ.

ಜೋಕಾಲಿಯನ್ನು ಕಿತ್ತು ಗುಜರಿಗೆ ಹಾಕಿಬಿಡುವ ಮಾತು ಬಂದರೆ ದಯವಿಟ್ಟು ಒಪ್ಪಬೇಡಿ. ಊರಿನಲ್ಲಿ ಮಕ್ಕಳಿಗೆ ಇರುವುದು ಇದೊಂದೇ ಜೋಕಾಲಿ. ಅಂಗೈ ಗೀರಿಕೊಂಡು ಬಂದವಳು ಕೂಡ ನನ್ನನ್ನು ಕೇಳಿದ್ದು "ಅಪ್ಪಾ, ಅದನ್ನ ತೆಗೆದುಬಿಡ್ತಾರಾ?" ಅಂತಲೇ. ಸರಿ ಮಾಡಿಸ್ತಾರೆ ಎಂದು ಅವಳಿಗೆ ಮಾತು ಕೊಟ್ಟಿದ್ದೇನೆ.

ಈ ಪತ್ರದ ಎರಡನೇ ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಮತ್ತು ಶಾಲೆಯ ಮೊಹರು ಹಾಕಿ ಮಗಳ ಕೈಯಲ್ಲಿ ಕಳಿಸಿಕೊಡಿ. ನನ್ನ ಫೋನ್ ನಂಬರ್ ಅವಳ ದಾಖಲಾತಿ ಅರ್ಜಿಯಲ್ಲಿದೆ, ಯಾವ ಹೊತ್ತಿಗೆ ಕರೆದರೂ ಬರುತ್ತೇನೆ. ಇವತ್ತು ಸಂಜೆ ಐದೂವರೆಗೆ ಏಣಿ ಮತ್ತು ಸ್ಪ್ಯಾನರ್ ತೆಗೆದುಕೊಂಡು ಹೇಗೂ ಶಾಲೆಯ ಹತ್ತಿರ ಇರುತ್ತೇನೆ. ಹಗ್ಗ ಕಟ್ಟಿದ್ದು ಗಟ್ಟಿಯಾಗಿದೆಯೇ ನೋಡಿ, ತಾವು ಒಪ್ಪಿದರೆ ಎರಡೂ ಆಸನಗಳನ್ನು ಬಿಚ್ಚಿ ಸ್ಟೋರ್ ರೂಮಿಗೆ ಇಟ್ಟು ಹೋಗುತ್ತೇನೆ.

ತಮ್ಮ ವಿಶ್ವಾಸಿ,
ಮಂಜುನಾಥ

ಲಗತ್ತು: ಫೋಟೊಗಳು 6 (ದಿನಾಂಕ 08-06-2024ರಂದು ತೆಗೆದದ್ದು), ಸಾಮಗ್ರಿಗಳ ಅಂದಾಜು ಪಟ್ಟಿ 1

ಪ್ರತಿ: ಅಧ್ಯಕ್ಷರು, ಎಸ್‌ಡಿಎಂಸಿ