ನಂಬಿಕೆಯಿಂದ ಬಂಡವಾಳಕ್ಕೆ: ವೆಬರ್ ವಾದದ ನಡುವಣ ಕೊಂಡಿ

ಎಂ.ಎ. ಸಮಾಜಶಾಸ್ತ್ರ, ಎರಡನೇ ಸೆಮಿಸ್ಟರ್: ವಿಮರ್ಶಾತ್ಮಕ ಓದಿನ ಪ್ರತಿಕ್ರಿಯೆ
ಓದಿದ ಪಠ್ಯ: ಮ್ಯಾಕ್ಸ್ ವೆಬರ್, ‘ಪ್ರಾಟೆಸ್ಟೆಂಟ್ ನೀತಿ ಮತ್ತು ಬಂಡವಾಳಶಾಹಿಯ ಚೈತನ್ಯ’

1904–05ರಲ್ಲಿ ಎರಡು ಕಂತುಗಳಾಗಿ ಪ್ರಕಟವಾಗಿ 1920ರಲ್ಲಿ ಪರಿಷ್ಕೃತಗೊಂಡ ಈ ಕೃತಿಯನ್ನು ‘ಪ್ರಾಟೆಸ್ಟೆಂಟ್ ಧರ್ಮವೇ ಬಂಡವಾಳಶಾಹಿಯನ್ನು ಹುಟ್ಟಿಸಿತು’ ಎಂಬ ಒಂದು ಸಾಲಿಗೆ ಇಳಿಸುವುದು ಅನ್ಯಾಯ, ಏಕೆಂದರೆ ಅಂಥ ವಾದವನ್ನು ವೆಬರ್ ಸ್ವತಃ ಮೂರ್ಖತನವೆಂದು ತಳ್ಳಿಹಾಕುತ್ತಾನೆ. ಅವನು ಹೇಳುವುದು ಇಷ್ಟು: ಯಾರಿಗೆ ಮುಕ್ತಿ, ಯಾರಿಗಿಲ್ಲ ಎಂಬುದನ್ನು ದೇವರು ಮೊದಲೇ ನಿರ್ಧರಿಸಿದ್ದಾನೆಂಬ ಕ್ಯಾಲ್ವಿನ್ ಪಂಥದ ಬೋಧನೆ ವಿಶ್ವಾಸಿಗಳಲ್ಲಿ ತೀವ್ರ ಆತಂಕವನ್ನುಂಟುಮಾಡಿತು, ತಾನು ಆಯ್ಕೆಯಾದವನೆಂಬ ಭರವಸೆಗಾಗಿ ಅವರು ಶಿಸ್ತಿನ ದುಡಿಮೆಗೆ ಮೊರೆಹೋದರು, ದುಡಿದದ್ದನ್ನು ಭೋಗಕ್ಕೆ ಬಳಸಲು ಅದೇ ನೀತಿ ಅಡ್ಡ ಬಂದುದರಿಂದ ಬಂಡವಾಳ ಬೆಳೆಯಿತು. ಈ ವಾದದ ಎರಡು ತುದಿಗಳು ಗಟ್ಟಿಯಾಗಿವೆ, ನಡುವಣ ಕೊಂಡಿಗೆ ಮಾತ್ರ ಸಾಕ್ಷ್ಯ ತೀರ ಕಡಿಮೆ ಎಂಬುದು ನನ್ನ ಆಕ್ಷೇಪ.

ಮೊದಲ ಅಧ್ಯಾಯದ ಅಂಕಿಗಳ ಬಗ್ಗೆ ಸಂಕ್ಷೇಪವಾಗಿ ಹೇಳಬಹುದು. ಜರ್ಮನಿಯ ಬಾಡೆನ್ ಪ್ರಾಂತ್ಯದ ಶಾಲೆಗಳ ಕೋಷ್ಟಕದಲ್ಲಿ ‘ರೆಯಾಲ್‌ಗಿಮ್ನಾಸಿಯಂ’ ಎಂಬ ಬಗೆಯ ಶಾಲೆಯ ಸಾಲಿನಲ್ಲಿ ವಿದ್ಯಾರ್ಥಿಗಳ ಪೈಕಿ ಪ್ರಾಟೆಸ್ಟೆಂಟರು ಶೇ. 69, ಕ್ಯಾಥೊಲಿಕರು 31, ಯಹೂದಿಯರು 9 ಎಂದಿದೆ. ಕೂಡಿದರೆ 109 ಆಗುತ್ತದೆ. 69 ಇರುವಲ್ಲಿ 59 ಇರಬೇಕಿತ್ತೆಂದು ಸ್ವೀಡನ್ನಿನ ಕುರ್ಟ್ ಸ್ಯಾಮುಯೆಲ್ಸನ್ 1957ರಲ್ಲಿ ತೋರಿಸಿದ. ಆ ಶಾಲೆಗಳಿದ್ದ ಊರುಗಳಲ್ಲೇ ಪ್ರಾಟೆಸ್ಟೆಂಟರ ಸಂಖ್ಯೆ ಹೆಚ್ಚಿತ್ತೆಂಬ ಅವನ ಮಾತು ಈ ತಪ್ಪಿಗಿಂತಲೂ ಗಂಭೀರವಾದದ್ದು. ಆದರೂ ವೆಬರನ ವಾದ ನಿಂತಿರುವುದು ಈ ಕೋಷ್ಟಕದ ಮೇಲಲ್ಲ.

ಅದು ನಿಂತಿರುವುದು ಎರಡು ಬಗೆಯ ಬರಹಗಳ ಮೇಲೆ. ಒಂದು, ಬೆಂಜಮಿನ್ ಫ್ರಾಂಕ್ಲಿನ್ 1748ರಲ್ಲಿ ಯುವ ವ್ಯಾಪಾರಿಗೆ ಬರೆದ ಹಿತೋಕ್ತಿ. ಅದರಲ್ಲಿ ವೇಳೆಯೇ ಹಣ, ಸಾಲದ ನಂಬಿಕೆಯೇ ಹಣ. ಆದರೆ ಅಲ್ಲಿ ಧರ್ಮದ ಬೇರು ಆಗಲೇ ಒಣಗಿದೆಯೆಂದು ವೆಬರನೇ ಒಪ್ಪುತ್ತಾನೆ. ಇನ್ನೊಂದು, ಇಂಗ್ಲೆಂಡಿನ ಕಟ್ಟುನಿಟ್ಟಿನ ಪ್ರಾಟೆಸ್ಟೆಂಟರಾದ ಪ್ಯೂರಿಟನ್ ಪಾದ್ರಿಗಳ ಉಪದೇಶ ಗ್ರಂಥಗಳು. ಅವರಲ್ಲಿ ಮುಖ್ಯ ಸಾಕ್ಷಿ ರಿಚರ್ಡ್ ಬ್ಯಾಕ್ಸ್ಟರ್. ಅವನ ದೊಡ್ಡ ಗ್ರಂಥ ಪ್ರಕಟವಾದದ್ದು 1673ರಲ್ಲಿ. ಮುಕ್ತಿಯ ಪೂರ್ವನಿರ್ಧಾರದ ವಿಷಯದಲ್ಲಿ ಅವನು ಕಟ್ಟಾ ಕ್ಯಾಲ್ವಿನ್‌ವಾದಿಯೂ ಅಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ, ಪಾದ್ರಿ ಏನು ಉಪದೇಶಿಸಿದ ಎಂಬುದು ಕೇಳಿದವರ ಮನಸ್ಸಿನಲ್ಲಿ ಏನಾಯಿತು ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಸೋಮಾರಿಯಾಗಬೇಡಿ ಎಂದು ಪದೇಪದೇ ಹೇಳಬೇಕಾಗಿ ಬಂದಿದ್ದರೆ, ಎದುರಿಗೆ ಕುಳಿತವರಲ್ಲಿ ಸೋಮಾರಿಗಳು ಬೇಕಾದಷ್ಟಿದ್ದರೆಂದೂ ಓದಬಹುದಲ್ಲ!

ಕೇಳಿದವರ ಕಡೆಯಿಂದ ಉಳಿದ ಸಾಕ್ಷ್ಯಗಳಲ್ಲಿ ಒಂದು ನೆಹೆಮಯಾ ವಾಲಿಂಗ್ಟನ್‌ನದು. ಲಂಡನ್ನಿನಲ್ಲಿ ಮರ ಕಡೆದು ಸಾಮಾನು ಮಾಡಿ ಮಾರುತ್ತಿದ್ದ ಈ ಪ್ಯೂರಿಟನ್ (1598–1658) ಐವತ್ತರಷ್ಟು ಪುಸ್ತಕಗಳನ್ನು ಬರೆದಿಟ್ಟ, ಅವುಗಳಲ್ಲಿ ಕೆಲವು ಉಳಿದಿವೆ. ವೆಬರ್ ವರ್ಣಿಸುವ ಆತಂಕ ಅವನಲ್ಲಿ ಪೂರ್ತಿಯಾಗಿ ಇತ್ತು. ಯೌವನದಲ್ಲಿ ಆತ್ಮಹತ್ಯೆಗೂ ಯತ್ನಿಸಿದ್ದ. ಆದರೆ ಆ ಆತಂಕ ಅವನನ್ನು ಲಾಭದ ಲೆಕ್ಕಕ್ಕಲ್ಲ, ಪ್ರಾರ್ಥನೆಗೂ ತನ್ನ ಪಾಪಗಳನ್ನು ಬರೆದಿಡುವುದಕ್ಕೂ ಒಯ್ದಿತು. ವ್ಯಾಪಾರದಲ್ಲಿ ಹೇಳಿಕೊಳ್ಳುವಂಥ ಏಳಿಗೆ ಕಾಣಲಿಲ್ಲ. ಒಬ್ಬನಿಂದ ಸಿದ್ಧಾಂತ ಬೀಳುವುದಿಲ್ಲ, ನಿಜ. ಆದರೆ ಆತಂಕಕ್ಕೂ ಸಂಪಾದನೆಗೂ ನಡುವೆ ವೆಬರ್ ಎಳೆಯುವ ಗೆರೆ ತಾನಾಗಿ ನೇರವಾಗುವಂಥದ್ದಲ್ಲ ಎಂಬುದನ್ನು ಇವನೊಬ್ಬನೇ ತೋರಿಸಬಲ್ಲ.

ಕೃತಿಯ ನಿಜವಾದ ಬಲ ಕೊನೆಯ ಅಧ್ಯಾಯದಲ್ಲಿದೆ. ಧರ್ಮವು ದುಡಿಮೆಯನ್ನೂ ಮಿತವ್ಯಯವನ್ನೂ ತರುತ್ತದೆ, ಅವುಗಳಿಂದ ಸಂಪತ್ತು ಬರುತ್ತದೆ, ಸಂಪತ್ತು ಬಂದಲ್ಲಿ ಧರ್ಮ ಸೊರಗುತ್ತದೆ ಎಂಬ, ಮೆಥಡಿಸ್ಟ್ ಪಂಥದ ಸ್ಥಾಪಕ ಜಾನ್ ವೆಸ್ಲಿಯ ಕಳವಳವನ್ನು ವೆಬರ್ ಅಲ್ಲಿ ಉಲ್ಲೇಖಿಸುತ್ತಾನೆ. ಯಾರೂ ಬಯಸದ ಪರಿಣಾಮವನ್ನು ನೀತಿಯೊಂದು ಹೇಗೆ ಉಂಟುಮಾಡುತ್ತದೆಂಬ ಈ ವಿಶ್ಲೇಷಣೆಗೆ ಅಂಕಿಸಂಖ್ಯೆಗಳ ಹಂಗಿಲ್ಲ.

ಇಷ್ಟಾದರೂ ಪರ್ಯಾಯ ವಿವರಣೆಯೊಂದನ್ನು ಎದುರಿಸಲೇಬೇಕು. ಹತ್ತೊಂಬತ್ತನೇ ಶತಮಾನದ ಪ್ರಶ್ಯದ ಜಿಲ್ಲೆಗಳನ್ನು ಪರಿಶೀಲಿಸಿದ ಬೆಕರ್ ಮತ್ತು ವೋಸ್‌ಮನ್ (2009), ಬೈಬಲನ್ನು ಎಲ್ಲರೂ ಓದಬೇಕೆಂಬ ಲೂಥರನ ಹಠದಿಂದ ಪ್ರಾಟೆಸ್ಟೆಂಟರಲ್ಲಿ ಹೆಚ್ಚಿದ ಸಾಕ್ಷರತೆಯೇ ಆರ್ಥಿಕ ಅಂತರದ ಬಹುಪಾಲನ್ನು ವಿವರಿಸುತ್ತದೆ ಎನ್ನುತ್ತಾರೆ. ಜರ್ಮನ್ ನಗರಗಳ 1300ರಿಂದ 1900ರವರೆಗಿನ ಬೆಳವಣಿಗೆಯನ್ನು ಅಳೆದ ಕ್ಯಾಂಟೋನಿಗೆ (2015) ಪ್ರಾಟೆಸ್ಟೆಂಟ್ ಧರ್ಮದ ಪರಿಣಾಮವೇ ಕಾಣಿಸಲಿಲ್ಲ. ಎರಡೂ ಅಧ್ಯಯನಗಳು ಅಳೆಯುವುದು ಫಲಿತವನ್ನು, ಮನೋಭಾವವನ್ನಲ್ಲ. ಆದ್ದರಿಂದ ಇವು ವೆಬರನನ್ನು ಪೂರ್ತಿ ಅಲ್ಲಗಳೆಯುತ್ತವೆಂದು ನಾನು ಒಪ್ಪಲಾರೆ.

ತರಗತಿಯ ಚರ್ಚೆಗೆ ನನ್ನ ಪ್ರಶ್ನೆ: ಗೆದ್ದು ನಿಂತ ಬಂಡವಾಳಶಾಹಿಗೆ ಧರ್ಮದ ಆಸರೆ ಬೇಕಿಲ್ಲವೆಂದು ಕೊನೆಯ ಪುಟಗಳಲ್ಲಿ ಹೇಳುವ ವೆಬರ್, ಅದೇ ಗೆದ್ದು ನಿಂತ ಕಾಲದ ಬಾಡೆನ್ ಶಾಲೆಗಳ ಅಂಕಿಗಳಿಂದ ಧರ್ಮದ ಪ್ರಭಾವವನ್ನು ಸೂಚಿಸುತ್ತ ವಾದ ಆರಂಭಿಸಿದ್ದು ಹೇಗೆ ಸರಿಹೋಗುತ್ತದೆ?